ಚಾಚಿಯ ತೋಟ ಹೊಸ ಮಷಿನ್ನಿಗೆ ಹತ್ತಲಿಲ್ಲ

ಯಾರನ್ನೂ ಒಂದೇ ಸಲಕ್ಕೆ ನಂಬುವ ಜಾಯಮಾನ ನನ್ನದಲ್ಲ. ಇಳಕಲ್ಲಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟ ಮೇಲಂತೂ ಇದ್ದಬದ್ದ ನಂಬಿಕೆಯೂ ಸವೆದುಹೋಯಿತು. ‘ಏನೂ ಮಾಡಿಲ್ರಿ, ತಾನಾಗೇ ಬಂದ್ ಬಿತ್ತು’ ಎಂದು ಲ್ಯಾಪ್‌ಟಾಪ್ ತಂದವರ ಕೀಬೋರ್ಡನ್ನು ಬೋರಲು ಹಾಕಿದರೆ ಚಹಾ ಸುರಿಯುತ್ತದೆ. ‘ಪೆನ್ ಡ್ರೈವ್ ಭಾಳ ಸ್ವಚ್ಛ ಐತ್ರಿ’ ಎಂದವರದ್ದನ್ನೇ ನಾನು ಮೊದಲು ತಪಾಸಣೆಗೆ ಹಾಕುವುದು. ‘ನಿನಗ ದೇವ್ರು ಪ್ರತ್ಯಕ್ಷ ಆದ್ರೂ ಆಧಾರ್ ಕಾರ್ಡ್ ಕೇಳ್ತಿ’ ಎಂದು ನನ್ನ ಗಂಡ ಹಂಗಿಸುತ್ತಾರೆ. ಕೇಳಿದರೆ ತಪ್ಪೇನು? ದೇವರ ಹೆಸರಿನಲ್ಲಿ ಬಂದು ಬಿಲ್ ಮುಳುಗಿಸಿದವರನ್ನು ಅವರು ನೋಡಿಲ್ಲ, ನಾನು ನೋಡಿದ್ದೇನೆ.

ಇಂಥ ನನ್ನನ್ನೂ ಮೀರಿಸಿದ ಸಂಶಯದ ಮನುಷ್ಯ ಎಂದರೆ ಚಾಚಾ. ರಕ್ತಸಂಬಂಧವೇನಿಲ್ಲ, ಓಣಿಯವರೆಲ್ಲ ಹಾಗೆ ಕರೆಯುತ್ತಾರೆ, ನಾನೂ ಕರೆಯುತ್ತೇನೆ. ಕೆಂಪು ಗ್ರಾನೈಟಿನ ಪಾಲಿಶ್ ಕಾರ್ಖಾನೆಯಲ್ಲಿ ಕಲ್ಲು ಪಾಸು ಮಾಡುವ ಕೆಲಸ ಮಾಡಿ ನಿವೃತ್ತರಾದವರು. ಚಪ್ಪಡಿಯನ್ನು ಬೆರಳಿನ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳಿ, ಒಳಗೆ ಕಣ್ಣಿಗೆ ಕಾಣದ ಬಿರುಕು ಇದೆಯೋ ಇಲ್ಲವೋ ಹೇಳಬೇಕು. ಜೀವಮಾನವಿಡೀ ಬಿರುಕು ಹುಡುಕಿದ ಮನುಷ್ಯನಿಗೆ ನಿವೃತ್ತಿಯಾದ ಮೇಲೆ ಕಲ್ಲು ತಪ್ಪಿತು, ಬಡಿಯುವುದು ತಪ್ಪಲಿಲ್ಲ. ಸಂತೆಯಲ್ಲಿ ಕಲ್ಲಂಗಡಿ ಬಡಿಯುತ್ತಾರೆ, ಅದು ಸರಿ. ನನ್ನ ಅಂಗಡಿಗೆ ಹೊಸ ಕಂಪ್ಯೂಟರ್ ಕೊಳ್ಳಲು ಬಂದಾಗ ಅದರ ಡಬ್ಬಿಯನ್ನೂ ನಾಲ್ಕೂ ಮಗ್ಗುಲಿಗೆ ಬಡಿದರು.

‘ಒಳಗ ಖಾಲಿ ಸಪ್ಪಳ ಬರಾಕತ್ತೈತಲ್ಲ ಬೇಟಿ?’ ಎಂದರು.

‘ಈಗಿನವು ಹಂಗ ಇರ್ತಾವ ಚಾಚಾ. ಸಾಮಾನು ಸಣ್ಣವು ಆಗ್ಯಾವು, ಡಬ್ಬಿ ಅಷ್ಟ ಐತಿ’ ಎಂದೆ.

ಅವರ ಮನೆಯ ಹಳೆಯ ಕಂಪ್ಯೂಟರ್ ಸತ್ತುಹೋಗಿತ್ತು. ಬೋರ್ಡೇ ಸುಟ್ಟಿದೆ ಎಂದು ಮನೆಗೆ ಬಂದ ರಿಪೇರಿಯವನು ಹೇಳಿದ್ದನಂತೆ, ಇನ್ನು ರಿಪೇರಿಗೆ ಅರ್ಥವಿರಲಿಲ್ಲ. ನಮ್ಮಲ್ಲಿ ಹಳೆಯದನ್ನು ಕೊಟ್ಟು ಹೊಸದನ್ನು ಒಯ್ಯುವ ಪದ್ಧತಿ ಇದೆ. ಹಳೇ ಸೀರೆ ಕೊಟ್ಟು ಸ್ಟೀಲಿನ ಪಾತ್ರೆ ಒಯ್ದ ಹಾಗೆ. ಅವರು ಆಟೋದಲ್ಲಿ ಹೇರಿಕೊಂಡು ಬಂದ ಹಳೆಯದನ್ನು ನಾನು ಬಿಚ್ಚಿ ನೋಡದೇ ಮೂಲೆಗಿಟ್ಟೆ. ಬಿಚ್ಚಿ ನೋಡದೇ ಒಳಗೆ ತೆಗೆದುಕೊಂಡದ್ದು ನನ್ನ ವ್ಯಾಪಾರದಲ್ಲಿ ಅದೊಂದೇ. ಚಾಚಾ ಎದುರಿಗೇ ನಿಂತಿದ್ದರು, ಹಿರಿಯರು, ನಾಚಿಕೆಯಾಯಿತು. ನಾಚಿಕೊಂಡವರು ಅಂಗಡಿ ಇಡಬಾರದು.

ಕೆಲವು ವಾರಗಳ ಮೇಲೆ ಆ ಹಳೆಯದನ್ನು ಬಿಚ್ಚಿದೆ. ಒಳಗೆ ಹಾರ್ಡ್ ಡಿಸ್ಕೇ ಇರಲಿಲ್ಲ. ಕಂಪ್ಯೂಟರಿನಲ್ಲಿ ನಾವು ಇಟ್ಟದ್ದೆಲ್ಲ ಕೂಡುವುದು ಅದರಲ್ಲಿಯೇ. ಅದು ಕೂತಿದ್ದ ಜಾಗ ಬೋಳಾಗಿತ್ತು, ಎರಡೂ ಕಡೆಯ ಸ್ಕ್ರೂ ತೂತುಗಳು ನನ್ನನ್ನೇ ನೋಡುತ್ತಿದ್ದವು. ಯಾರೋ ಬೇಕೆಂದೇ, ನೀಟಾಗಿ ಬಿಚ್ಚಿದ್ದರು. ಚಾಚಾ! ಹೊಸ ಡಬ್ಬಿಯನ್ನು ಅಷ್ಟು ಬಡಿದು ನೋಡಿದ ಮನುಷ್ಯ ತಾನು ಕೊಡುವ ಡಬ್ಬಿಯನ್ನು ಮಾತ್ರ ಟೊಳ್ಳು ಮಾಡಿ ತಂದಿದ್ದಾರೆ ಎಂದು ಸ್ಕ್ರೂಡ್ರೈವರನ್ನು ಮೇಜಿಗೆ ಕುಕ್ಕಿದೆ. ಬೆಲೆಬಾಳುವ ವಸ್ತುವೇನಲ್ಲ, ಹಳೇ ಕಾಲದ ಡಿಸ್ಕು. ಆದರೆ ಮೋಸ ಮೋಸವೇ. ಹೋಗಿ ಕೇಳೋಣವೆಂದುಕೊಳ್ಳುವಷ್ಟರಲ್ಲಿ ಅವರ ಮನೆಯಿಂದ ಕೆಟ್ಟ ಸುದ್ದಿ ಬಂತು. ಅವರ ಹೆಂಡತಿ, ನಮ್ಮೆಲ್ಲರ ಚಾಚಿಗೆ ಲಕ್ವಾ ಹೊಡೆದಿತ್ತು. ನಾನು ಬಾಯಿ ಮುಚ್ಚಿಕೊಂಡೆ.

ಚಾಚಿ ಹುನಗುಂದ ತಾಲೂಕಿನವರು, ರಾಮಥಾಳದ ಕಡೆಯ ಒಕ್ಕಲುತನದ ಮನೆಯ ಮಗಳು. ಮಿಕ್ಸರ್ ಕೆಟ್ಟರೆ, ಫ್ಯಾನ್ ನಿಂತರೆ ತಾವೇ ಬಿಚ್ಚಿ ಕೂಡುವ ಹೆಂಗಸು. ಬಲಗೈ ಬಲಗಾಲು ಬಿದ್ದುಹೋಗಿ, ಬಾಗಲಕೋಟೆಯ ದವಾಖಾನೆಯಲ್ಲಿ ಇದ್ದು ಬಂದ ಮೇಲೆ ಕಾಲು ಎಳೆಯುತ್ತ ನಡೆಯುವಷ್ಟಾದರು. ಮಾತು ನಿಧಾನವಾದರೂ ಬಂತು. ಕೈ ಮಾತ್ರ ಬರಲಿಲ್ಲ. ಬೆರಳು ಆಡಿಸುವ ವ್ಯಾಯಾಮಕ್ಕೆ ಚಾಚಾ ಅವರನ್ನು ಆಗಾಗ ಬಾಗಲಕೋಟೆಗೆ ಕರೆದೊಯ್ಯುತ್ತಿದ್ದರು. ಬರುವಾಗ ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟು ತಂದು ನನ್ನ ಅಂಗಡಿಗೂ ಒಂದು ತುಂಡು ಕೊಟ್ಟು ಹೋಗುವುದು ಅವರ ರೂಢಿ. ಒಂದು ದಿನ ಕರದಂಟಿಲ್ಲದೇ ಬಂದರು. ಕೈಯಲ್ಲಿ ಇದ್ದದ್ದು ಒಂದು ಸೀಡಿ ಮಾತ್ರ.

‘ಅಕ್ಕಾರ, ಇದನ್ನ ಸ್ವಲ್ಪ ನೋಡ್ರಿ’ ಎಂದರು.

ನಿನ್ನೆ ಮೊನ್ನೆಯವರೆಗೆ ಬೇಟಿ ಆಗಿದ್ದವಳು ಅಕ್ಕಾರ ಆಗಿದ್ದೆ. ಮರ್ಯಾದೆ ಹೆಚ್ಚಾದಾಗಲೇ ನಾವು ಎಚ್ಚರವಾಗಬೇಕು.

ಅದು ಒಂದು ಹಳೆಯ ಆಟದ ಸೀಡಿ. ಹಿಂದೆ ಕಾರ್ಖಾನೆಯ ಕಚೇರಿಯಲ್ಲಿ ಹಳೇ ಕಂಪ್ಯೂಟರು ಮಾರಿದಾಗ ಚಾಚಾ ಒಂದನ್ನು ಮನೆಗೆ ತಂದಿದ್ದರು. ಅದರ ಜೊತೆಗೆ ಬಂದದ್ದು ಈ ಸೀಡಿ. ಚಾಚಿ ಅದಕ್ಕೆ ಇಟ್ಟ ಹೆಸರು ‘ತೋಟ’. ಮರದಿಂದ ಹಣ್ಣು ಬೀಳುತ್ತವೆ, ಕೆಳಗೆ ಬುಟ್ಟಿಯನ್ನು ಮೌಸಿನಿಂದ ಅತ್ತಿತ್ತ ಜರುಗಿಸಿ ಹಿಡಿಯಬೇಕು. ಹಿಡಿದ ಹಣ್ಣಿನ ಬೀಜದಿಂದ ಹೊಸ ಗಿಡ ಹಚ್ಚಬೇಕು. ಗಿಡ ಹೆಚ್ಚಾದಷ್ಟೂ ಹಣ್ಣು ಹೆಚ್ಚು, ಬೀಳುವ ವೇಗವೂ ಹೆಚ್ಚು. ಚಾಚಿ ವರ್ಷಗಟ್ಟಲೆ ಆಡಿದ್ದರು. ಈಗ ಬಾಗಲಕೋಟೆಯ ಡಾಕ್ಟರು ಚೆಂಡು ಹಿಚುಕಿರಿ, ಮಣಿ ಪೋಣಿಸಿರಿ ಎಂದರೆ ಚಾಚಿ ಮುಖ ತಿರುಗಿಸುತ್ತಾರಂತೆ. ಚೆಂಡನ್ನು ಎಡಗೈಯಿಂದ ಎತ್ತಿ ಬೀದಿಗೆ ಒಗೆದರಂತೆ. ‘ಕೈ ಆಡಿಸಾಕ ಏನರ ನಿಮಗ ಸೇರೂದು ಮಾಡ್ರಿ, ಆದ್ರ ಈಗ ಮಾಡ್ರಿ, ತಡಾ ಆದ್ರ ಕೈ ಹಂಗ ಗಟ್ಟಿ ಆಗಿಬಿಡ್ತೈತಿ’ ಎಂದು ಡಾಕ್ಟರು ಹೇಳಿದಾಗ ಚಾಚಿ ಕೇಳಿದ್ದು ತೋಟವನ್ನು.

ಹೊಸ ಕಂಪ್ಯೂಟರಿನಲ್ಲಿ ಸೀಡಿ ಹಾಕುವ ಜಾಗವಿಲ್ಲ. ಚಾಚಾ ಯಾರದ್ದೋ ಮನೆಯಿಂದ ಹೊರಗಡೆ ಜೋಡಿಸುವ ಡ್ರೈವ್ ತಂದು ಹಾಕಿದ್ದರು. ಒತ್ತಿದರೆ ಒಂದು ನೀಲಿ ಪಟ್ಟಿ ಬಂತು: ಈ ಆ್ಯಪ್ ನಿಮ್ಮ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ, ನಿಮ್ಮ ಕಂಪ್ಯೂಟರಿಗೆ ಹೊಂದುವುದು ಬೇಕಾದರೆ ತಯಾರಿಸಿದವರನ್ನು ಕೇಳಿ. ಇಂಗ್ಲಿಷಿನಲ್ಲಿದ್ದದ್ದನ್ನು ಪಕ್ಕದ ಮನೆಯವರು ಓದಿ ಹೇಳಿದ್ದರು.

‘ಮಷಿನ್ನ ಖುದ್ದು ಹೇಳಾಕತ್ತೈತಿ, ಕೊಟ್ಟವ್ರನ್ನ ಕೇಳ್ರಿ ಅಂತ. ಅದಕ್ಕ ಕೇಳಾಕ ಬಂದೇನಿ’ ಎಂದು ಚಾಚಾ ಕುರ್ಚಿ ಎಳೆದುಕೊಂಡು ಕೂತರು.

ನಾನು ಸೀಡಿಯನ್ನು ನನ್ನ ಕಂಪ್ಯೂಟರಿಗೆ ಹಾಕಿ ನೋಡಿದೆ. ಅಲ್ಲಿಯೂ ಅದೇ ನೀಲಿ ಪಟ್ಟಿ. ಅಡ್ಮಿನಿಸ್ಟ್ರೇಟರ್ ಆಗಿ ನಡೆಸಿದರೂ ಅದೇ, ಹಳೇ ವಿಂಡೋಸಿನಂತೆ ನಟಿಸು ಎಂದು ಹೇಳುವ ಕಂಪ್ಯಾಟಿಬಿಲಿಟಿ ಬದಲಿಸಿದರೂ ಅದೇ. ನನಗೆ ಅನುಮಾನ ಬಂತು. ಸೀಡಿಯಲ್ಲಿದ್ದ ಸೆಟಪ್ ಫೈಲನ್ನು ಅದರ ಕಚ್ಚಾ ಅಕ್ಷರಗಳು ಕಾಣುವ ಹಾಗೆ ತೆರೆದೆ. ಈಗಿನ ಪ್ರೋಗ್ರಾಮುಗಳ ತಲೆಯಲ್ಲಿ ಪಿ ಇ ಎಂಬ ಗುರುತು ಇರುತ್ತದೆ. ಇದರಲ್ಲಿ ಎನ್ ಇ ಎಂದಿತ್ತು. ಹದಿನಾರು ಬಿಟ್ಟಿನ ಕಾಲದ ಗುರುತು ಅದು.

‘ಚಾಚಾ, ಇದರ ಸೆಟಪ್ಪು ಹದಿನಾರು ಬಿಟ್ಟಿಂದು. ನಿಮ್ಮ ಹೊಸಾ ವಿಂಡೋಸು ಅರವತ್ನಾಕು ಬಿಟ್ಟಿಂದು. ಇದು ಅದರಾಗ ನಡ್ಯೂದಿಲ್ಲ’ ಎಂದೆ.

ಚಾಚಾ ಕುರ್ಚಿಯನ್ನು ಇನ್ನಷ್ಟು ಮುಂದೆ ಎಳೆದುಕೊಂಡರು.

‘ಅರವತ್ನಾಕು ದೊಡ್ಡದೋ ಹದಿನಾರು ದೊಡ್ಡದೋ?’

‘ಅರವತ್ನಾಕು.’

‘ನಾಕು ಸೇರಿನ ಪಾತ್ರ್ಯಾಗ ಒಂದು ಸೇರು ಹಿಡ್ಯೂದಿಲ್ಲೇನ್ರಿ ಅಕ್ಕಾರ?’

ಪ್ರಶ್ನೆ ನ್ಯಾಯವಾಗಿಯೇ ಇತ್ತು. ನಾನು ತಾಳ್ಮೆಯಿಂದ ಹೇಳಿದೆ. ಹಳೆಯ ಮೂವತ್ತೆರಡು ಬಿಟ್ಟಿನ ವಿಂಡೋಸಿನಲ್ಲಿ ಹದಿನಾರರವುಗಳನ್ನು ನಡೆಸಲೆಂದೇ ಒಂದು ಪ್ರತ್ಯೇಕ ವ್ಯವಸ್ಥೆ ಇತ್ತು. ಅರವತ್ನಾಲ್ಕರದ್ದನ್ನು ಮಾಡುವಾಗ ಅದನ್ನು ಒಳಗೇ ಇಡಲಿಲ್ಲ. ಅಳತೆಯ ಮಾತಲ್ಲ, ಆ ಭಾಷೆ ತಿಳಿಯುವವರೇ ಆ ಮನೆಯಲ್ಲಿಲ್ಲ. ಇನ್ನೊಂದು ಮಾತು: ಸೀಡಿಯ ಮೇಲೆ ವಿಂಡೋಸ್ ತೊಂಬತ್ತೈದು ಬೇಕು ಎಂದು ಬರೆದಿದೆ, ಅಂದರೆ ಆಟ ಬಹುಶಃ ಮೂವತ್ತೆರಡರದ್ದೇ ಇರಬೇಕು, ಅದು ಈಗಲೂ ನಡೆದೀತು. ಆಟವನ್ನು ಕಂಪ್ಯೂಟರಿನ ಒಳಗೆ ತಂದಿಳಿಸುವ ಹಮಾಲ ಮಾತ್ರ ಹದಿನಾರರವನು. ಆ ಕಾಲದಲ್ಲಿ ಹಾಗೆ ಕೂಡಿಸುತ್ತಿದ್ದರು. ಸಾಮಾನು ಸರಿಯಾಗಿದೆ, ಹಮಾಲನಿಗೆ ಬಾಗಿಲು ದಾಟಲು ಬರುತ್ತಿಲ್ಲ.

‘ಬಾಗಲಕೋಟ್ಯಾಗ ಒಬ್ಬ ಅಂಗಡ್ಯಾಂವನ್ನ ಕೇಳಿದ್ನಿ. ನಿಮಗ ಹಾಕಿಕೊಟ್ಟ ವಿಂಡೋಸ ಡೂಪ್ಲಿಕೇಟ್ ಇರಬೇಕು, ನಾ ಬ್ಯಾರೆ ಹಾಕಿಕೊಡ್ತೇನಿ ಅಂದ’ ಎಂದರು ಚಾಚಾ, ಗೋಡೆ ನೋಡುತ್ತ.

ನನಗೆ ರೇಗಿಹೋಯಿತು. ಯಾರ ಅಂಗಡಿಯೋ ಏನೋ, ಮುಖ ನೋಡದೇ ಇನ್ನೊಬ್ಬರ ಮಾಲಿಗೆ ಕಳಂಕ ಹಚ್ಚುವವರಿಗೆ ಏನು ಹೇಳುವುದು. ಆದರೂ ಹಲ್ಲು ಕಚ್ಚಿ ಹೇಳಿದೆ: ‘ಸೀಡಿ ಎರಡು ದಿನ ಇಲ್ಲೆ ಬಿಡ್ರಿ. ಹಳೇ ವಿಂಡೋಸಿನಾಗ ಹಾಕಿ, ಆಟ ಅಷ್ಟ ಎತ್ತಿ ನಿಮ್ಮ ಮಷಿನ್ನಿಗೆ ತಂದು ಕೊಡ್ತೇನಿ.’

‘ಸೀಡಿ ಬಿಡೂದಿಲ್ಲ.’

‘ಹಂಗಾದ್ರ ಈಗ ಒಂದು ಕಾಪಿ ಮಾಡ್ಕೋತೇನಿ, ನಿಮ್ಮದು ನೀವು ಒಯ್ರಿ.’

‘ನಿಮಗ ಯಾಕ ಬೇಕು ಕಾಪಿ? ಹಳೇ ಮಷಿನ್ನ ಒಯ್ದ್ರಿ. ಅದರಾಗ ತೋಟ ಛಲೋ ನಡೀತಿತ್ತು. ಈಗ ಇದ್ದೊಂದು ಸೀಡೀನೂ ಬೇಕೇನು?’

ಸೀಡಿಯನ್ನು ಡ್ರೈವಿನಿಂದ ತಾವೇ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಜೇಬಿನಲ್ಲಿಟ್ಟುಕೊಂಡು ಎದ್ದರು. ಹಳೇ ಮಷಿನ್ನಿನ ಮಾತು ತಾವಾಗಿಯೇ ತೆಗೆದರಲ್ಲ! ಡಿಸ್ಕು ಬಿಚ್ಚಿಕೊಂಡವರು ಯಾರು ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಚಾಚಿಯ ಮುಖ ಕಣ್ಣೆದುರು ಬಂದು ನುಂಗಿಕೊಂಡೆ.

ನುಂಗಿಕೊಂಡದ್ದು ಜೀರ್ಣವಾಗಲಿಲ್ಲ. ಒಂದೆರಡು ದಿನದಲ್ಲಿ ಚಹಾ ಅಂಗಡಿಯವರು, ಆಮೇಲೆ ನೂಲಿನ ಅಂಗಡಿಯವರು ನನ್ನನ್ನು ಕೇಳಿದರು: ‘ಅಕ್ಕಾರ, ನಿಮ್ಮ ಕಡೆ ಡೂಪ್ಲಿಕೇಟ್ ವಿಂಡೋಸ್ ಹಾಕ್ತೀರಂತ ಖರೇನೇನ್ರಿ?’ ಊರ ಬಾಯಿಗೆ ಮುಚ್ಚಳವಿಲ್ಲ. ಮರುದಿನ ಬೆಳಿಗ್ಗೆ ಅಂಗಡಿಯನ್ನು ಗಂಡನಿಗೆ ಒಪ್ಪಿಸಿ, ಲ್ಯಾಪ್‌ಟಾಪು, ಸೀಡಿ ಡ್ರೈವು, ಇರಲಿ ಎಂದು ಹಳೇ ಡಿಸ್ಕು ಜೋಡಿಸುವ ವೈರು, ಎಲ್ಲವನ್ನೂ ಚೀಲಕ್ಕೆ ತುರುಕಿಕೊಂಡು ಚಾಚಾನ ಮನೆಗೆ ನಡೆದೆ. ಅವರ ಕಣ್ಣೆದುರಿಗೇ ಮಾಡಿ ತೋರಿಸಿ ಬರಬೇಕು, ಆಮೇಲೆ ಆ ಮನೆಯ ಮೆಟ್ಟಿಲು ತುಳಿಯಬಾರದು ಎಂದು ನಿಶ್ಚಯ ಮಾಡಿಕೊಂಡಿದ್ದೆ.

ಚಾಚಿ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ಬಲಗೈಯನ್ನು ತೊಡೆಯ ಮೇಲೆ ಬೇರೆಯವರ ಸಾಮಾನಿನ ಹಾಗೆ ಇಟ್ಟುಕೊಂಡಿದ್ದರು. ನನ್ನನ್ನು ನೋಡಿ ನಕ್ಕರು, ನಗು ಒಂದೇ ಮಗ್ಗುಲಿಗೆ ಬಂತು. ನಾನು ಹೊತ್ತು ತಂದಿದ್ದ ಸಿಟ್ಟು ಅರ್ಧ ಅಲ್ಲೇ ಇಳಿಯಿತು.

ನನ್ನ ಲ್ಯಾಪ್‌ಟಾಪಿನೊಳಗೆ ಒಂದು ಪುಟ್ಟ ಹಳೇ ಕಂಪ್ಯೂಟರನ್ನು ನಡೆಸುವ ಏರ್ಪಾಡು ಇತ್ತು. ಅದರಲ್ಲಿ ಮೂವತ್ತೆರಡು ಬಿಟ್ಟಿನ ಹಳೇ ವಿಂಡೋಸ್. ಬ್ಯಾಂಕಿನವರ, ಕಾರ್ಖಾನೆಯವರ ಹಳೇ ಪ್ರೋಗ್ರಾಮುಗಳಿಗೆ ಅದು ಬೇಕಾಗುತ್ತಿತ್ತು. ಚಾಚಾ ಸೀಡಿಯನ್ನು ನನ್ನ ಕೈಗೆ ಕೊಡಲಿಲ್ಲ. ತಾವೇ ಡ್ರೈವಿನಲ್ಲಿ ಕೂಡಿಸಿ, ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕಾವಲು ಕೂತರು. ನಾನು ಸೆಟಪ್ ಒತ್ತಿದೆ. ಮರುಮಾತಿಲ್ಲದೇ ಪರದೆ ತುಂಬ ಸೆಟಪ್ಪಿನ ನೀಲಿ ಬಣ್ಣ ಬಂತು, ಪಟ್ಟಿ ಓಡಿತು, ಆಟ ಇಳಿಯಿತು.

ನನಗೆ ಗೆದ್ದ ಖುಷಿ. ತಿರುಗಿ ನೋಡಿದರೆ ಚಾಚಾನ ಮುಖ ಇನ್ನಷ್ಟು ಕಪ್ಪಿಟ್ಟಿತ್ತು.

‘ನಿಮ್ಮದರಾಗ ಹತ್ತಿತು, ನನ್ನದರಾಗ ಹತ್ತಲಿಲ್ಲ. ಅಂದ್ರ ಛಲೋದು ನೀವು ಇಟಗೊಂಡ್ರಿ, ಕೆಟ್ಟದ್ದು ನನಗ ಕೊಟ್ರಿ. ಇನ್ನೇನು ಬೇಕು ಪುರಾವೆ?’

ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಉತ್ತರ ಕೊಡದೇ ಆ ಆಟದ ಫೋಲ್ಡರನ್ನು ಪೆನ್ ಡ್ರೈವಿಗೆ ತೆಗೆದು ಅವರ ಕಂಪ್ಯೂಟರಿಗೆ ಹಾಕಿದೆ. ಪುಣ್ಯಕ್ಕೆ ಆ ಆಟ ತನ್ನ ಸಾಮಾನನ್ನೆಲ್ಲ ತನ್ನ ಫೋಲ್ಡರಿನಲ್ಲೇ ಹುಡುಕುವಂಥದ್ದು, ವಿಂಡೋಸಿನ ದಫ್ತರಿನಲ್ಲಿ ಹೆಸರು ಬರೆಸಿಕೊಂಡಿದ್ದರೆ ಇನ್ನೂ ತಾಪತ್ರಯವಿತ್ತು. ಮೊದಲ ಸಲ ಬಣ್ಣಗಳು ಹಸಿರು ನೇರಳೆಯಾಗಿ ಕದಡಿಕೊಂಡು ಬಂದವು. ಬಣ್ಣ ಇನ್ನೂರ ಐವತ್ತಾರಕ್ಕೆ ಇಳಿಸು ಎಂದು ಗುರುತು ಹಾಕಿ ಮತ್ತೆ ತೆರೆದೆ. ಈಗ ಸರಿಯಾಯಿತು. ಹಮಾಲನಿಲ್ಲದೇ ಸಾಮಾನು ಮನೆಯೊಳಗೆ ಬಂತು.

ಸಣ್ಣ ಸಂಗೀತದೊಡನೆ ತೋಟ ಬಂತು. ಒಂದು ಬಯಲು, ಒಂದು ಗಿಡ, ಒಂದು ಬುಟ್ಟಿ.

ಚಾಚಿಯ ಬಲಗೈಯನ್ನು ಚಾಚಾ ಎತ್ತಿ ಮೌಸಿನ ಮೇಲೆ ಇಟ್ಟರು. ಚಾಚಿ ಪರದೆಯನ್ನು ನೋಡಿದರು. ನನ್ನನ್ನು ನೋಡಿದರು. ಎಡಗೈಯಿಂದ ಬಲಗೈಯನ್ನು ಹಿಡಿದು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡರು.

‘ಇದು... ನಂದಲ್ಲ’ ಎಂದರು. ‘ನನ್ನ ಗಿಡ... ಎಲ್ಲಿ?’

ಅವರು ವರ್ಷಗಟ್ಟಲೆ ಹಚ್ಚಿದ ಗಿಡಗಳು ಸೀಡಿಯಲ್ಲಿ ಇರುವುದಿಲ್ಲ. ಸೀಡಿಯಲ್ಲಿ ಇರುವುದು ಆಟ ಮಾತ್ರ. ಆಡಿದ್ದು ಉಳಿಯುವುದು ಹಳೇ ಮಷಿನ್ನಿನ ಡಿಸ್ಕಿನಲ್ಲಿ. ಇದನ್ನು ಹೇಳುತ್ತಿದ್ದ ಹಾಗೆ ಚಾಚಾ ಸ್ಟೂಲಿನಿಂದ ಎದ್ದೇಬಿಟ್ಟರು.

‘ಹಂಗಾದ್ರ ಅದು ನಿಮ್ಮ ಅಂಗಡ್ಯಾಗ ಐತಿ! ಆಕೀ ಗಿಡ ನಿಮ್ಮ ಕಡೆ ಅದಾವ! ಕೊಡ್ರಿ. ಇಲ್ಲಾ ಮಾರಿಬಿಟ್ರೇನು?’

ನುಂಗಿಕೊಂಡದ್ದೆಲ್ಲ ಒಮ್ಮೆಗೇ ಬಂತು. ‘ಚಾಚಾ, ನಿಮ್ಮ ಹಳೇ ಮಷಿನ್ನಿನಾಗ ಡಿಸ್ಕ ಇರಲಿಲ್ಲ! ಸ್ಕ್ರೂ ಬಿಚ್ಚಿ ಯಾರೋ ತೆಗ್ದಾರ. ಚಾಚೀಗಿ ಆರಾಮಿಲ್ಲಂತ ಇಷ್ಟು ದಿವಸ ಸುಮ್ಮನಿದ್ನಿ. ಟೊಳ್ಳ ಡಬ್ಬಿ ತಂದು ನನ್ನ ಕೊರಳಿಗಿ ಕಟ್ಟಿದ್ರಿ, ಈಗ ನಾ ಕಳ್ಳಿ!’

‘ನಾ ತೆಗದ್ನಿ ಅಂತೀರಾ? ನಾನು? ಐದು ಹೊತ್ತು ನಮಾಜ್ ಮಾಡಾಂವ ನಾನು!’

‘ನೀವು ಅಂತ ನಾ ಹೆಸರು ಹೇಳಿನೇನ್ರಿ? ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಯಾಕ ಮುಟ್ಟಿ ನೋಡ್ಕೋತೀರಿ?’

ಇಷ್ಟಾದ ಮೇಲೆ ಉಳಿದದ್ದೇನು? ಪಕ್ಕದ ಮನೆಯ ಕಿಟಕಿ ತೆರೆದ ಸಪ್ಪಳ ಕೇಳಿಸಿತು. ಆಗ ಚಾಚಿ ಎಡಗೈಯಿಂದ ಮೇಜು ಬಡಿದರು. ನಾವಿಬ್ಬರೂ ಆ ಕಡೆ ತಿರುಗಿದೆವು.

‘ನಾ ತೆಗದೇನಿ’ ಎಂದರು ಚಾಚಿ.

ಚಾಚಿ ಒಂದೊಂದೇ ಮಾತನ್ನು ಹುಡುಕಿ ಹುಡುಕಿ ಹೇಳಿದರು. ಅವರ ತವರಿನಲ್ಲಿ ಎತ್ತು ಮಾರಿದರೆ ಅದರ ಹಗ್ಗವನ್ನು ಯಾರೂ ಕೊಳ್ಳುವವರಿಗೆ ಕೊಡುವುದಿಲ್ಲ. ಹಗ್ಗ ಮನೆಯಲ್ಲಿ ಉಳಿದರೆ ಆ ಎತ್ತಿನ ಬರ್ಕತ್ತು, ಅದು ತಂದ ಏಳಿಗೆ, ಮನೆಯಲ್ಲಿ ಉಳಿಯುತ್ತದೆ. ಎತ್ತು ಒಯ್ಯುವವರೂ ಅದನ್ನು ಕೇಳುವುದಿಲ್ಲ, ಬರುವಾಗಲೇ ತಮ್ಮ ಹಗ್ಗ ತಂದಿರುತ್ತಾರೆ. ಕಂಪ್ಯೂಟರನ್ನು ಕೊಡುವ ಹಿಂದಿನ ದಿನ, ಇದರ ಹಗ್ಗ ಯಾವುದು ಎಂದು ಅವರು ಯೋಚನೆ ಮಾಡಿದ್ದಾರೆ. ಹಿಂದೊಮ್ಮೆ ರಿಪೇರಿಗೆ ಬಂದವನು ‘ಎಲ್ಲಾ ಇದಕ್ಕ ಕಟ್ಟಿದ್ದು ನೋಡ್ರಿ’ ಎಂದು ಡಿಸ್ಕು ತೋರಿಸಿದ್ದು ನೆನಪಾಗಿದೆ. ಸ್ಕ್ರೂಡ್ರೈವರ್ ತಂದು ಬಿಚ್ಚಿದ್ದಾರೆ.

‘ಹಗ್ಗ... ಯಾರರ ಕೊಡ್ತಾರ?’ ಎಂದು ನನ್ನನ್ನೇ ಕೇಳಿದರು.

ಅವರ ದನಿಯಲ್ಲಿ ಕದ್ದವರ ಅಳುಕು ಎಳ್ಳಷ್ಟೂ ಇರಲಿಲ್ಲ. ನಾನೇ ಹಗ್ಗ ಕೇಳಿದ ತಿಳಿಗೇಡಿ ಗಿರಾಕಿ ಎಂಬಂತೆ ನೋಡುತ್ತಿದ್ದರು. ಡಿಸ್ಕು ಈ ಮನೆಯವರೇ ತೆಗೆದಿದ್ದಾರೆ ಎಂಬ ನನ್ನ ಸಂಶಯ ಅಕ್ಷರಶಃ ಖರೆಯಾಗಿತ್ತು. ಬೇರೆ ದಿನವಾಗಿದ್ದರೆ ಅದನ್ನು ಗಂಡನೆದುರು ಎಂಟು ದಿನ ಹೇಳಿಕೊಳ್ಳುತ್ತಿದ್ದೆ. ಚಾಚಾ ಒಳಗೆ ಹೋಗಿ, ಚಾಚಿ ಹೇಳಿದ ಟ್ರಂಕಿನಿಂದ ಇಳಕಲ್ ಸೀರೆಯ ಹಳೇ ಸೆರಗಿನಲ್ಲಿ ಸುತ್ತಿದ ಗಂಟನ್ನು ತಂದು ನನ್ನ ಮುಂದೆ ಇಟ್ಟರು.

‘ನೋಡ್ರಿ. ನಡೀತೈತೇನು?’ ಎಂದರು. ದನಿ ಸಣ್ಣದಾಗಿತ್ತು.

ಪಟ್ಟಿಯ ಹಾಗೆ ಅಗಲವಾದ ವೈರು ಹಚ್ಚುವ ಹಳೇ ಕಾಲದ ಡಿಸ್ಕು. ಅಂಥವಕ್ಕೆ ಬೇರೆ ಕರೆಂಟು ಕೊಟ್ಟು ಜೋಡಿಸಬೇಕು. ಜೋಡಿಸಿದಾಗ ಒಳಗಿನಿಂದ ಕಿರ್ರೆಂಬ ಸಪ್ಪಳ ಬಂತು. ಚಾಚಾ ಕಿವಿಗೊಟ್ಟು ಆ ಸಪ್ಪಳವನ್ನೇ ಕೇಳುತ್ತಿದ್ದರು. ಸೀರೆಯಲ್ಲಿ ಸುತ್ತಿ ತಿಂಗಳುಗಟ್ಟಲೆ ಟ್ರಂಕಿನಲ್ಲಿಟ್ಟ ಡಿಸ್ಕು ಏಳದಿದ್ದರೆ ಯಾರಿಗೆ ಏನು ಹೇಳುವುದು? ಎದ್ದಿತು. ಆಟದ ಫೋಲ್ಡರ್ ಇದ್ದಲ್ಲೇ ಇತ್ತು. ಅದರೊಳಗೆ ಚಾಚಿಯ ತೋಟವೂ ಇತ್ತು. ಹೊಸ ಖಾಲಿ ತೋಟ ಅಳಿಸಿಹೋಗದಂತೆ ಇದನ್ನು ಬೇರೆ ಜಾಗದಲ್ಲಿ ಇಳಿಸಿಕೊಂಡು ತೆರೆದೆ.

ಪರದೆ ತುಂಬ ಗಿಡಗಳು. ಮೇಲಿಂದ ಕೆಳಗೆ ಸಾಲು ಸಾಲು, ಎಲೆ ಕಾಣದಷ್ಟು ಹಣ್ಣು. ‘ಯಾ ಅಲ್ಲಾ’ ಎಂದರು ಚಾಚಾ. ಅಷ್ಟು ವರ್ಷ ಅವರು ಪಕ್ಕದ ಕೋಣೆಯಲ್ಲಿ ಇದ್ದರು, ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ.

ಚಾಚಿಯ ಮುಖ ಅರಳಿತು. ಈ ಸಲ ಯಾರೂ ಎತ್ತಿಡಲಿಲ್ಲ. ಎಡಗೈಯ ಆಸರೆಯಿಂದ ಬಲಗೈಯನ್ನು ತಾವೇ ತಂದು ಮೌಸಿನ ಮೇಲೆ ಇಟ್ಟರು.

ಹಣ್ಣು ಬೀಳತೊಡಗಿದವು. ನಾನು ಯೋಚಿಸಿರದಿದ್ದ ವಿಷಯ ಆಗ ಕಣ್ಣಿಗೆ ಬಿತ್ತು. ಆಟಕ್ಕೆ ಲಕ್ವಾ ಗೊತ್ತಿಲ್ಲ. ಅದು ನೆನಪಿಟ್ಟುಕೊಂಡದ್ದು ಗಟ್ಟಿಮುಟ್ಟಾದ ಕೈಯನ್ನು. ಆ ಕೈ ಮುಟ್ಟಿದ ವೇಗದಿಂದಲೇ ಅದು ಮುಂದುವರಿಯಿತು. ಹಣ್ಣುಗಳು ಆಣೆಕಲ್ಲಿನ ಹಾಗೆ ಸುರಿದವು. ಚಾಚಿಯ ತೋಳು ಅಲುಗಿತು, ಬುಟ್ಟಿ ಅಲುಗುವಷ್ಟರಲ್ಲಿ ಎಲ್ಲ ನೆಲಕ್ಕೆ ಬಿದ್ದಿದ್ದವು. ಮತ್ತೆ ಸುರಿದವು. ಮತ್ತೆ ಬಿದ್ದವು. ಒಂದೂ ಬುಟ್ಟಿಗೆ ಬರಲಿಲ್ಲ. ಚಾಚಾ ಪರದೆಯಿಂದ ಮುಖ ತಿರುಗಿಸಿಕೊಂಡರು. ನನಗೆ ಅಳು ಬಂತು, ಮುಚ್ಚಿಡಲೇನೂ ಇಲ್ಲ. ಇಷ್ಟೆಲ್ಲ ಜಗಳ ಮಾಡಿ ಈ ಹೆಂಗಸಿನ ಎದುರಿಗೆ ನಾವು ತಂದಿಟ್ಟದ್ದು ಇದನ್ನೇ ಎಂದು ನನ್ನ ಮೇಲೇ ಸಿಟ್ಟು ಬಂತು. ಬಂದ್ ಮಾಡಲು ಕೈ ಚಾಚಿದೆ.

ಚಾಚಿ ನನ್ನ ಕೈ ಹಿಡಿದರು. ತಮ್ಮ ತೋಟವನ್ನು ಕಣ್ಣು ತುಂಬ ನೋಡಿದರು. ಈ ಮೂಲೆಯಿಂದ ಆ ಮೂಲೆಯವರೆಗೆ, ಅವಸರವಿಲ್ಲದೇ, ಯಾವ ಗಿಡವನ್ನೂ ಬಿಡದೇ.

‘ಇದ... ಅಳಿಸಬ್ಯಾಡ್ರಿ’ ಎಂದರು.

‘ಇಲ್ಲ ಚಾಚಿ, ಇದು ಇಲ್ಲೇ ಇರತೈತಿ’ ಎಂದೆ.

‘ಆ ಖಾಲಿದು... ಹಚ್ಚ್ರಿ.’

ಚಾಚಾ ತಿರುಗಿ ನೋಡಿದರು. ‘ಅದು ನಿನ್ನದಲ್ಲ ಅಂದೆಲ್ಲ?’

‘ಮಾಡ್ಕೋತೇನಿ’ ಎಂದರು ಚಾಚಿ.

ನಾನು ಖಾಲಿ ತೋಟ ತೆರೆದೆ. ಬಯಲಿನ ನಡುವೆ ಒಂಟಿ ಗಿಡ. ಚಾಚಾ ಸ್ಟೂಲು ಎಳೆದುಕೊಂಡು ಹೆಂಡತಿಯ ಮಗ್ಗುಲಿಗೆ ಕೂತರು. ಹಣ್ಣು ನಿಧಾನವಾಗಿ ಇಳಿಯಿತು, ಬುಟ್ಟಿಯ ಪಕ್ಕದಲ್ಲಿ ಬಿತ್ತು. ಇನ್ನೊಂದೂ ಬಿತ್ತು. ಚಾಚಿಯ ಹಣೆಯ ಮೇಲೆ ಬೆವರು ಮೂಡಿತ್ತು. ತೋರುಬೆರಳು ಬಾಗಿತು, ಮೌಸು ಕೂದಲೆಳೆಯಷ್ಟು ಸರಿಯಿತು, ಆಮೇಲೆ ಇನ್ನಷ್ಟು. ಮುಂದಿನ ಹಣ್ಣು ಬುಟ್ಟಿಯ ಅಂಚಿಗೆ ತಾಕಿ ಒಳಗೆ ಬಿತ್ತು.

‘ಹಿಡದಿ ನೋಡು!’ ಎಂದು ಚಾಚಾ ಓಣಿಗೆ ಕೇಳುವ ಹಾಗೆ ಕೂಗಿದರು.

ಚಾಚಿ ಗಂಡನ ಕಡೆ ನೋಡಲಿಲ್ಲ. ಬೀಜ ಎಲ್ಲಿ ಹಚ್ಚಬೇಕು ಎಂದು ಆ ಬಯಲನ್ನೇ ನೋಡುತ್ತಿದ್ದರು.